ಕೇಳಿದನೋ, ಕೆಟ್ಟನೋ?

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮಾತು ಶುರು ಮಾಡುತ್ತೇನೆ. ಕಳೆದ ಬೇಸಿಗೆಯಲ್ಲಿ ಪಾಲಾರಿನ ಒಂದು ಮನೆಯ ಜಗುಲಿಯ ಮೇಲೆ ಕೂತು, ಆ ಮನೆಯವರ ಹಳೆಯ ಕಾಗದವೊಂದನ್ನು ಕನ್ನಡಕ್ಕೆ ತಂದು ಓದಿ ಹೇಳಿದೆ. ಅದರ ಒಂದು ಸಾಲು ಕೇಳಿ ಅಲ್ಲಿದ್ದ ಅಜ್ಜಿಯ ಮುಖ ಬಾಡಿತು. ಆ ಮಾತು ಕಾಗದದಲ್ಲಿ ನಿಜವಾಗಿ ಇತ್ತೋ ಇಲ್ಲವೋ ಎಂಬುದು ನನಗೇ ಖಚಿತವಿರಲಿಲ್ಲ. ಆದರೂ ಖಚಿತವಿದ್ದವನ ಹಾಗೆ ಓದಿಬಿಟ್ಟಿದ್ದೆ.

ಪಾಲಾರ್ ಎಲ್ಲಿದೆ ಎಂದು ಕೆಲವರಿಗೆ ತಿಳಿದಿರಲಾರದು. ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ದಾರಿಯಲ್ಲಿ, ಕರ್ನಾಟಕ ಮುಗಿದು ತಮಿಳುನಾಡು ಶುರುವಾಗುವ ಜಾಗ ಅದು. ಅದೇ ಹೆಸರಿನ ಹೊಳೆ ಅಲ್ಲಿ ಹರಿದು ಕಾವೇರಿ ಸೇರುತ್ತದೆ. ತಮಿಳಿನಲ್ಲಿ ಪಾಲ್ ಎಂದರೆ ಹಾಲು, ಆರು ಎಂದರೆ ಹೊಳೆ. ಸೇತುವೆಯ ಆಚೆ ಈಚೆ ಹೆಣ್ಣು ಕೊಟ್ಟು ತರುವ ಮನೆಗಳು ಇವೆ. ಹಾಗಾಗಿ ಒಂದೇ ಮನೆಯ ಪೆಟ್ಟಿಗೆಯಲ್ಲಿ ಕನ್ನಡದ ಕಾಗದವೂ ತಮಿಳಿನ ಕಾಗದವೂ ಒಟ್ಟಿಗೆ ಸಿಗುತ್ತವೆ.

ನಾನು ಓದಿದ ಮನೆಯಲ್ಲಿ ಅಂಥ ಆರು ತಮಿಳು ಕಾಗದಗಳಿದ್ದವು. ಆಚೆಯ ಕೊಳತ್ತೂರು ಕಡೆಯ ತಂದೆಯೊಬ್ಬರು ಪಾಲಾರಿಗೆ ಮದುವೆಯಾಗಿ ಬಂದ ಮಗಳಿಗೆ ಬರೆದವು. ಆ ಮಗಳ ಮಗಳೇ ಈಗ ಆ ಮನೆಯ ಅಜ್ಜಿ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತೇನೆ. ಅವರಿಗೆ ತಮಿಳು ಬಾಯಿಗೆ ಬರುತ್ತದೆ, ಕಣ್ಣಿಗೆ ಬಾರದು. ಮೊಮ್ಮಕ್ಕಳಿಗೆ ಎರಡೂ ಇಲ್ಲ. ನಾಲ್ಕು ಮಕ್ಕಳ ಮನೆಯಲ್ಲೂ ಒಂದೊಂದು ಕನ್ನಡ ಪ್ರತಿ ಇರಲಿ ಎಂದು ಅಕ್ಕನ ಆಸೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ತಮಿಳು ಕಲಿತವನು. ಅಚ್ಚಿನ ತಮಿಳು ಓದಬಲ್ಲೆ. ಆದರೆ ಅರವತ್ತು ಎಪ್ಪತ್ತು ವರ್ಷದ ಹಿಂದಿನ ಕೈಬರಹ, ಅದೂ ಗೆರೆಯಿಲ್ಲದ ಹಾಳೆಯ ಮೇಲೆ ಓಡಿಸಿ ಬರೆದದ್ದು, ನನ್ನ ಕೈಗೆ ಸಿಗಲಿಲ್ಲ.

ಅದಕ್ಕೆ ಕೆಲಸವನ್ನು ಎರಡು ಪಾಲು ಮಾಡಿದೆವು. ಕೊಳತ್ತೂರಿನಲ್ಲಿ ನಿವೃತ್ತರಾಗಿರುವ ತಮಿಳು ಮೇಷ್ಟರೊಬ್ಬರು ಕಾಗದ ನೋಡಿ, ಅದನ್ನು ಅಚ್ಚುಕಟ್ಟಾದ ತಮಿಳಿನಲ್ಲಿ ಸಾಲಿಗೆ ಸಾಲು ನಕಲು ಮಾಡಿಕೊಟ್ಟರು. ಪ್ರತಿ ಸಾಲಿಗೂ ನಂಬರು ಹಾಕಿದರು. ಮೂಲದಲ್ಲಿ ಹನ್ನೊಂದನೆಯ ಸಾಲು ಎಲ್ಲಿ ಮುಗಿಯುತ್ತದೋ ನಕಲಿನಲ್ಲೂ ಅಲ್ಲೇ ಮುಗಿಯಬೇಕು. ಹಾಗಿದ್ದರೆ ಯಾವ ಮಾತಿನ ಮೇಲೆ ಅನುಮಾನ ಬಂದರೂ ಮೂಲಕ್ಕೆ ಹೋಗಿ ಬೆರಳಿಟ್ಟು ನೋಡಬಹುದು. ಯಾವ ಅಕ್ಷರ ಅವರಿಗೆ ಸರಿಯಾಗಿ ಕಾಣಲಿಲ್ಲವೋ ಅದರ ಕೆಳಗೆ ಒಂದು ಸಣ್ಣ ಚುಕ್ಕಿ ಇಟ್ಟರು. ಈ ಚುಕ್ಕಿಯ ಪದ್ಧತಿ ಅವರ ಸ್ವಂತದ್ದಲ್ಲ. ಹಳೆಯ ಶಾಸನ, ಹಳೆಯ ಹಾಳೆ ಓದುವ ವಿದ್ವಾಂಸರು 1931ರಲ್ಲಿ ಹಾಲೆಂಡಿನ ಲೈಡನ್ ಎಂಬ ಊರಿನಲ್ಲಿ ಸೇರಿ, ಅನುಮಾನದ ಅಕ್ಷರದ ಕೆಳಗೆ ಚುಕ್ಕಿ, ಹಾಳಾಗಿ ಹೋದ ಭಾಗಕ್ಕೆ ಚೌಕ ಕಂಸ ಎಂದು ಗುರುತುಗಳನ್ನು ಗೊತ್ತು ಮಾಡಿಕೊಂಡರು.

ಆ ನಕಲನ್ನು ಇಟ್ಟುಕೊಂಡು ನಾನು ಕನ್ನಡ ಮಾಡಿದೆ. ತಪ್ಪಿದ್ದು ಅಲ್ಲೇ. ನಾಲ್ಕನೆಯ ಕಾಗದದ ಹನ್ನೊಂದನೆಯ ಸಾಲನ್ನು ನಾನು ಹೀಗೆ ಬರೆದಿದ್ದೆ: ‘ನಿನ್ನ ತಮ್ಮ ತುಂಬಾ ಕೆಟ್ಟುಹೋದ. ನಾನು ಏನೂ ಹೇಳಲಿಲ್ಲ.’

ಅದನ್ನು ಓದಿದಾಗಲೇ ಅಕ್ಕನ ಮುಖ ಬಾಡಿದ್ದು. ಕಾಗದದಲ್ಲಿರುವ ತಮ್ಮ ಎಂದರೆ ಅಕ್ಕನ ಸೋದರಮಾವ. ಆ ಮಾವ ತಾಯಿಯ ಮನೆಗೆ ಒಂದು ಸಲವೂ ಬರಲಿಲ್ಲ, ಅಕ್ಕ ಹೇಗಿದ್ದಾಳೆ ಎಂದು ಕೇಳಲಿಲ್ಲ, ದುಡ್ಡು ಹಾಳು ಮಾಡಿಕೊಂಡ ಎಂದು ಇವರ ಮನೆಯಲ್ಲಿ ಮಾತು. ಎರಡು ಮನೆಗಳಿಗೆ ಮಾತುಕತೆ ನಿಂತು ಐವತ್ತು ವರ್ಷ ದಾಟಿದೆ. ‘ನೋಡ್ದಾ ಸಾ, ಅವ್ರ ಅಪ್ಪನೇ ಬರ್ದವ್ರೆ’ ಎಂದರು ಅಕ್ಕ. ಪಕ್ಕದಲ್ಲಿ ಎಂಟನೆಯ ತರಗತಿಯ ಮೊಮ್ಮಗಳು ಕೂತು ಕೇಳುತ್ತಿದ್ದಳು. ಮನೆಯ ಜಗಳಕ್ಕೆ ಒಂದು ಸಾಕ್ಷಿ ಸಿಕ್ಕಿತು, ಅದು ಆ ಹುಡುಗಿಯ ತಲೆಗೂ ಹೋಯಿತು.

ಕೊಳ್ಳೇಗಾಲಕ್ಕೆ ಹಿಂದಿರುಗಿ ರಾತ್ರಿ ನಕಲನ್ನು ಮತ್ತೆ ತೆಗೆದು ನೋಡಿದೆ. ಆ ಮಾತಿನ ಮೊದಲ ಅಕ್ಷರದ ಕೆಳಗೆ ಮೇಷ್ಟರ ಚುಕ್ಕಿ ಇತ್ತು. ನಾನು ಅದನ್ನು ಕನ್ನಡಕ್ಕೆ ತಂದಿರಲೇ ಇಲ್ಲ.

ಚುಕ್ಕಿಯಲ್ಲಿ ಏನಿದೆ ಎಂದು ಹೇಳುತ್ತೇನೆ, ಕೇಳಿ. ತಮಿಳಿನಲ್ಲಿ ‘ಕೆಟ್ಟಾನ್’ ಎಂದರೆ ಕೆಟ್ಟುಹೋದ. ‘ಕೇಟ್ಟಾನ್’ ಎಂದರೆ ಕೇಳಿದ. ನಮ್ಮ ಕನ್ನಡದಲ್ಲಿ ‘ಕೆ’ ಎಂಬುದಕ್ಕೆ ಬಲಗಡೆ ಒಂದು ದೀರ್ಘದ ಗುರುತು ಸೇರಿಸಿದರೆ ‘ಕೇ’ ಆಗುತ್ತದೆ. ತಮಿಳಿನಲ್ಲಿ ಆ ಗುರುತು ಅಕ್ಷರದ ಎಡಗಡೆ ಬರುತ್ತದೆ. ಹ್ರಸ್ವವಾದರೆ ಒಂದು ಸುರುಳಿ, ದೀರ್ಘವಾದರೆ ಅದರ ಮೇಲೆ ಇನ್ನೊಂದು ಸುರುಳಿ. ಅವಸರದ ಕೈ ಆ ಮೇಲಿನ ಸುರುಳಿಯನ್ನು ನುಂಗಿಬಿಟ್ಟರೆ, ಕೇಳಿದವನು ಕೆಟ್ಟವನಾಗಿಬಿಡುತ್ತಾನೆ!

ಮಾರನೆಯ ವಾರ ಮೇಷ್ಟರ ಮನೆಗೆ ಹೋದೆ. ಇಬ್ಬರೂ ಸೇರಿ ಆರೂ ಕಾಗದಗಳಲ್ಲಿ ಅನುಮಾನವೇ ಇಲ್ಲದ ಮಾತುಗಳನ್ನು ಆರಿಸಿದೆವು. ‘ವೇಣ್ಡುಂ’ ಎಂದರೆ ಬೇಕು, ‘ತೇದಿ’ ಎಂದರೆ ತಾರೀಖು, ‘ಪೇರನ್’ ಎಂದರೆ ಮೊಮ್ಮಗ. ಇವುಗಳಲ್ಲಿ ದೀರ್ಘವೇ ಇರಬೇಕು, ಬೇರೆ ದಾರಿಯಿಲ್ಲ. ‘ಪೆಣ್’ ಎಂದರೆ ಹೆಣ್ಣು, ‘ವೆಯಿಲ್’ ಎಂದರೆ ಬಿಸಿಲು. ಇವುಗಳಲ್ಲಿ ಹ್ರಸ್ವವೇ ಇರಬೇಕು. ದೀರ್ಘದ ಮಾತು ಹದಿನಾಲ್ಕು ಕಡೆ ಸಿಕ್ಕಿತು. ಹನ್ನೊಂದು ಕಡೆ ಎರಡನೆಯ ಸುರುಳಿ ಚೆನ್ನಾಗಿ ಕಂಡಿತು, ಮೂರು ಕಡೆ ಇರಲೇ ಇಲ್ಲ. ಹ್ರಸ್ವದ ಮಾತು ಒಂಬತ್ತು ಕಡೆ ಇತ್ತು, ಒಂದರಲ್ಲೂ ಸುಮ್ಮನೆ ಹೆಚ್ಚಿನ ಸುರುಳಿ ಬಂದಿರಲಿಲ್ಲ. ಇದರಿಂದ ಏನು ತಿಳಿಯಿತು? ಈ ಹಿರಿಯರ ಕೈಯಲ್ಲಿ ಎರಡನೆಯ ಸುರುಳಿ ಇದ್ದರೆ ಅದು ಖಂಡಿತ ದೀರ್ಘ. ಇಲ್ಲದಿದ್ದರೆ ಹ್ರಸ್ವ ಎಂದು ಹೇಳುವ ಹಾಗಿಲ್ಲ. ನಮ್ಮ ಹನ್ನೊಂದನೆಯ ಸಾಲಿನಲ್ಲಿ ಸುರುಳಿ ಇರಲಿಲ್ಲ. ಅಂದರೆ ತೀರ್ಮಾನವಾಗಲಿಲ್ಲ.

ಮೇಷ್ಟರು ಇನ್ನೊಂದು ಮಾತು ಹೇಳಿದರು. ಆಡುಮಾತಿನ ತಮಿಳಿನಲ್ಲಿ ಒಬ್ಬ ಮನುಷ್ಯ ಕೆಟ್ಟುಹೋದ ಎನ್ನಬೇಕಾದರೆ ‘ಕೆಟ್ಟುಪ್ಪೋನಾನ್’ ಎನ್ನುವುದೇ ಹೆಚ್ಚು, ಬರೀ ‘ಕೆಟ್ಟಾನ್’ ಎನ್ನುವುದು ಕಡಿಮೆ. ಮುಂದಿನ ವಾಕ್ಯ ‘ನಾನು ಏನೂ ಹೇಳಲಿಲ್ಲ’ ಎಂದಿದೆ. ಒಬ್ಬ ಕೇಳಿದ, ಇನ್ನೊಬ್ಬ ಹೇಳಲಿಲ್ಲ ಎಂದರೆ ಮಾತು ಜೋಡಿಯಾಗುತ್ತದೆ. ಹಾಗಾಗಿ ತಕ್ಕಡಿ ‘ಕೇಳಿದ’ ಎಂಬ ಕಡೆಗೆ ವಾಲುತ್ತದೆ. ಆದರೆ ವಾಲುವುದು ಬೇರೆ, ನೆಲ ಮುಟ್ಟುವುದು ಬೇರೆ.

ಅದಕ್ಕಿಂತ ದೊಡ್ಡ ತೊಡಕು ಆ ಮಾತಿನ ಹಿಂದೆಯೇ ಇತ್ತು. ‘ತಂಬಿ’ ಎಂಬ ಮಾತಾದ ಮೇಲೆ ಕಾಗದದ ಮಡಿಕೆ ಹರಿದು ಒಂದು ಮಾತು ಹೋಗಿದೆ. ಆಮೇಲೆ ‘ರೊಂಬ ಕೇಟ್ಟಾನ್’, ಅಂದರೆ ತುಂಬಾ ಕೇಳಿದ. ಏನನ್ನು ಕೇಳಿದ? ಹರಿದ ಜಾಗ ಅಳೆದರೆ ಮೂರು ಅಕ್ಷರ ಹಿಡಿಸುತ್ತದೆ. ‘ಉನ್ನೈ’, ಅಂದರೆ ನಿನ್ನನ್ನು, ತಮಿಳಿನಲ್ಲಿ ಬರೆದರೆ ಮೂರು ಅಕ್ಷರ. ‘ಪಣಂ’, ಅಂದರೆ ದುಡ್ಡು, ಅದೂ ಮೂರು ಅಕ್ಷರ. ತಮ್ಮ ಅಕ್ಕನನ್ನು ತುಂಬಾ ಕೇಳಿದನೋ, ದುಡ್ಡನ್ನು ತುಂಬಾ ಕೇಳಿದನೋ? ನಾನು ಮೊದಲು ಮಾಡಿದ ಕನ್ನಡದಲ್ಲಿ ಈ ಹರಿದ ಜಾಗವನ್ನೂ ತೋರಿಸಿರಲಿಲ್ಲ. ಎರಡು ತುದಿ ಎಳೆದು ಹೊಲಿದುಬಿಟ್ಟಿದ್ದೆ.

ಇಂಥ ಹೊಲಿಗೆ ಹಾಕುವ ಆಸೆ ನಕಲು ಮಾಡುವವನಿಗಿಂತ ಭಾಷಾಂತರ ಮಾಡುವವನಿಗೆ ಹೆಚ್ಚು. ನಕಲು ಮಾಡುವವನು ಅರ್ಧ ಅಕ್ಷರ ಕಂಡರೆ ಅರ್ಧ ಅಕ್ಷರವನ್ನೇ ಬರೆದು ಚುಕ್ಕಿ ಇಡಬಹುದು. ಅರ್ಧ ಅಕ್ಷರವನ್ನು ಭಾಷಾಂತರ ಮಾಡಲು ಬರುವುದಿಲ್ಲ. ಕನ್ನಡದ ವಾಕ್ಯ ಪೂರ್ತಿಯಾಗಬೇಕು, ಕ್ರಿಯಾಪದ ಬೇಕು, ಅದಕ್ಕೆ ಕರ್ಮ ಬೇಕು. ಹಾಗೆ ಪೂರ್ತಿ ಮಾಡುವ ಹೊತ್ತಿಗೆ ಅಲ್ಲಿದ್ದ ಅನುಮಾನ ಕರಗಿ ಹೋಗುತ್ತದೆ. ಓದುವವನ ಕೈಗೆ ನುಣ್ಣಗಿನ ಸಾಲು ಸಿಗುತ್ತದೆ. ನುಣ್ಣಗಿರುವುದನ್ನು ಜನ ನಂಬುತ್ತಾರೆ.

ಬ್ಯಾಂಕಿನಲ್ಲಿ ನಮಗೆ ಇದಕ್ಕೊಂದು ಕ್ರಮ ಇತ್ತು. ಯಾರೋ ಹಣ ಕಟ್ಟಿದ್ದಾರೆ, ಚಲನ್ನಿನಲ್ಲಿ ಖಾತೆಯ ನಂಬರು ಸರಿಯಾಗಿ ಕಾಣುವುದಿಲ್ಲ. ಆಗ ಹತ್ತಿರಹತ್ತಿರ ಕಾಣುವ ಒಂದು ಖಾತೆಗೆ ಜಮಾ ಮಾಡುವಂತಿಲ್ಲ. ಹಣವನ್ನು ಬಿಸಾಡುವಂತೆಯೂ ಇಲ್ಲ. ಸಸ್ಪೆನ್ಸ್ ಖಾತೆ ಎಂಬ ಒಂದು ಖಾತೆಯಲ್ಲಿ ಇಟ್ಟು, ಎಷ್ಟು ಹಣ, ಯಾವತ್ತು ಬಂತು, ಏನು ಅನುಮಾನ ಎಂದು ಪಕ್ಕದಲ್ಲಿ ಬರೆಯಬೇಕು. ಮುಂದೆ ಯಾರಾದರೂ ರಸೀದಿ ತಂದರೆ ಸರಿಯಾದ ಖಾತೆಗೆ ಹೋಗುತ್ತದೆ. ಅನುಮಾನದ ಮಾತಿಗೂ ಇದೇ ಕ್ರಮ ಎಂದುಕೊಂಡೆ.

ಹಾಗೆಂದುಕೊಂಡು ಕನ್ನಡವನ್ನು ಮೊದಲಿನಿಂದ ಮತ್ತೆ ಮಾಡಿದೆ. ಈಗ ಆ ಸಾಲು ಹೀಗಿದೆ:

‘(ನಿನ್ನ) ತಮ್ಮ [ಹರಿದಿದೆ: ಸುಮಾರು 3 ಅಕ್ಷರ] ತುಂಬಾ ಕೇಳಿದ [? ಅಥವಾ: ಕೆಟ್ಟುಹೋದ]. ನಾನು ಏನೂ ಹೇಳಲಿಲ್ಲ.’

ಇದರಲ್ಲಿ ಮೂರು ಗುರುತುಗಳಿವೆ. ದುಂಡು ಕಂಸದಲ್ಲಿರುವ ‘ನಿನ್ನ’ ಎಂಬುದು ಕಾಗದದಲ್ಲಿ ಇಲ್ಲ, ಕನ್ನಡದಲ್ಲಿ ಅರ್ಥವಾಗಲಿ ಎಂದು ನಾನು ಸೇರಿಸಿದ್ದು. ಚೌಕ ಕಂಸ ಕಾಗದದ ಸ್ಥಿತಿಗೆ ಮಾತ್ರ. ಹರಿದ ಜಾಗದಲ್ಲಿ ನನ್ನ ಊಹೆ ತುಂಬಿಲ್ಲ, ಎಷ್ಟು ಹೋಗಿದೆ ಎಂದಷ್ಟೇ ಹೇಳಿದ್ದೇನೆ. ಪ್ರಶ್ನೆಯ ಗುರುತು ಇರುವಲ್ಲಿ ಎರಡು ಓದೂ ಇವೆ. ಹೆಚ್ಚು ಸಂಭವವಿರುವುದು ಮೊದಲು, ಇನ್ನೊಂದು ಅದರ ಪಕ್ಕದಲ್ಲಿ.

ಅಷ್ಟಕ್ಕೇ ಸಾಲದು. ಕನ್ನಡದ ‘ಕೇಳಿದ’ ಮತ್ತು ‘ಕೆಟ್ಟುಹೋದ’ ಎಂಬ ಎರಡು ಮಾತು ಪಕ್ಕಪಕ್ಕ ಇಟ್ಟರೆ ನೋಡುವುದಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಇವೆರಡರಲ್ಲಿ ಗೊಂದಲ ಹೇಗಾಯಿತು, ಈ ತಾತನಿಗೆ ಕಣ್ಣು ಕಾಣುವುದಿಲ್ಲವೇ ಎಂದು ಮೊಮ್ಮಗಳು ಕೇಳಬಹುದು. ಗೊಂದಲದ ಕಾರಣ ತಮಿಳಿನಲ್ಲೇ ಉಳಿದುಹೋಗಿದೆ. ಅದನ್ನೂ ದಾಟಿಸಬೇಕು. ಆದ್ದರಿಂದ ಪುಟದ ಕೆಳಗೆ ಬರೆದೆ: ‘ಸಾಲು 11. ತಮಿಳಿನಲ್ಲಿ ಈ ಎರಡು ಮಾತುಗಳಿಗೆ ವ್ಯತ್ಯಾಸ ಒಂದು ಸುರುಳಿ ಮಾತ್ರ. ಇಲ್ಲಿ ಸುರುಳಿ ಕಾಣುವುದಿಲ್ಲ. ಆದರೆ ಇದೇ ಕೈ ಬೇರೆ ಮೂರು ಕಡೆ ಅದನ್ನು ಬಿಟ್ಟಿದೆ.’

ಹಾಗೆಂದು ಕಂಡಕಂಡಲ್ಲಿ ಪ್ರಶ್ನೆ ಹಾಕಬಾರದು. ತಮಿಳಿನಲ್ಲಿ ನಮ್ಮ ಹಾಗೆ ಪ ಮತ್ತು ಬ ಎಂದು ಎರಡು ಅಕ್ಷರಗಳಿಲ್ಲ, ಎರಡಕ್ಕೂ ಒಂದೇ. ಹಾಗೆ ನೋಡಿದರೆ ‘ಪಾಲಾರ್’ ಎಂಬುದನ್ನು ‘ಬಾಲಾರ್’ ಎಂದೂ ಓದಬಹುದು. ಆದರೆ ಹೊಳೆ ಕಣ್ಣೆದುರಿಗೇ ಹರಿಯುತ್ತಿರುವಾಗ ಅನುಮಾನ ಎಲ್ಲಿಂದ? ಮೇಷ್ಟರು ಆ ಕಾಗದದಲ್ಲಿ ಒಟ್ಟು ಹತ್ತೊಂಬತ್ತು ಚುಕ್ಕಿ ಇಟ್ಟಿದ್ದರು. ಹದಿನೈದು ಕಡೆ ಅಕ್ಷರ ಮಸುಕಾಗಿದ್ದರೂ ಅಲ್ಲಿ ಇರಬಹುದಾದ ಮಾತು ಒಂದೇ ಆಗಿತ್ತು. ಅವುಗಳನ್ನು ನಾನು ಕನ್ನಡಕ್ಕೆ ತರಲಿಲ್ಲ, ನಕಲಿನಲ್ಲೇ ಉಳಿದವು. ಎರಡು ಮಾತುಗಳು ಸಾಧ್ಯವಿದ್ದು, ಎರಡಕ್ಕೂ ಅರ್ಥ ಬೇರೆ ಇದ್ದ ನಾಲ್ಕು ಕಡೆ ಮಾತ್ರ ಕನ್ನಡದಲ್ಲಿ ಗುರುತು ಹಾಕಿದೆ. ಪುಟದ ತುಂಬ ಪ್ರಶ್ನೆಗಳಿದ್ದರೆ ಓದುವವರು ಎಲ್ಲವನ್ನೂ ಹಾರಿಸಿಕೊಂಡು ಹೋಗುತ್ತಾರೆ, ಬೇಕಾದ ಒಂದು ಪ್ರಶ್ನೆಯೂ ಆ ಜೊತೆಗೆ ಹೋಗುತ್ತದೆ.

ನಾಲ್ಕರಲ್ಲಿ ಒಂದು ತಾರೀಖಿನದ್ದು. ‘195’ ಎಂದು ಕಾಣುತ್ತದೆ, ಕೊನೆಯ ಅಂಕಿಯ ಮೇಲೆ ಶಾಯಿ ಹರಡಿದೆ. ಆದರೆ ವಿಳಾಸದಲ್ಲಿ ‘ಕೊಳ್ಳೇಗಾಲ ತಾಲ್ಲೂಕು, ಕೊಯಮತ್ತೂರು ಜಿಲ್ಲೆ’ ಎಂದಿದೆ. ಮಕ್ಕಳೇ, ನಿಮಗೆ ಆಶ್ಚರ್ಯವಾಗಬಹುದು. ನಮ್ಮ ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿತ್ತು, ಕೊಯಮತ್ತೂರೇ ಜಿಲ್ಲೆ. 1956ರ ನವೆಂಬರ್ 1ರಂದು ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಮೈಸೂರು ರಾಜ್ಯಕ್ಕೆ ಬಂತು. ಹಾಗಾದರೆ ಈ ಕಾಗದ ಅದಕ್ಕಿಂತ ಹಿಂದಿನದು ಎನ್ನೋಣವೇ? ಜಿಲ್ಲೆ ಬದಲಾದ ಮಾರನೆಯ ದಿನವೇ ಹಳ್ಳಿಯ ಹಿರಿಯರು ವಿಳಾಸ ಬದಲಾಯಿಸುವುದಿಲ್ಲ. ಆದ್ದರಿಂದ ‘[1956 ಅಥವಾ ಅದಕ್ಕೆ ಮೊದಲು?]’ ಎಂದು ಬರೆದು ಕೆಳಗೆ ಕಾರಣ ಕೊಟ್ಟೆ. ಇದು ನಾನು ಗಾಂಧೀಜಿಯವರ ಸಮಗ್ರ ಬರಹಗಳ ಇಂಗ್ಲಿಷ್ ಸಂಪುಟಗಳಲ್ಲಿ ನೋಡಿ ಕಲಿತದ್ದು. ಅವರ ಗುಜರಾತಿ ಕಾಗದಗಳನ್ನು ಅಲ್ಲಿ ಭಾಷಾಂತರಿಸಿ ಕೊಟ್ಟಿದ್ದಾರೆ. ತಾರೀಖಿಲ್ಲದ ಕಾಗದಕ್ಕೆ ಸಂಪಾದಕರು ಊಹಿಸಿದ ತಾರೀಖನ್ನು ಚೌಕ ಕಂಸದಲ್ಲಿಟ್ಟು, ಬೇಕಾದ ಕಡೆ ಹಾಗೇಕೆ ಊಹಿಸಿದೆವು ಎಂದೂ ಹೇಳುತ್ತಾರೆ.

ಗುರುತು ಹಾಕಿದ ಮೇಲೆ ಅದನ್ನು ಉಳಿಸುವುದು ಇನ್ನೊಂದು ಪಾಡು. ಮೊದಲು ನಾನು ಅನುಮಾನದ ಮಾತುಗಳನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಝೆರಾಕ್ಸ್ ಮಾಡಿಸಿದರೆ ಎಲ್ಲಾ ಕಪ್ಪಾಗಿ ಬಂತು. ನಾಲ್ಕು ಮನೆಗೆ ಹೋಗಬೇಕಾದ ನಾಲ್ಕು ಪ್ರತಿಯಲ್ಲೂ ಅನುಮಾನ ಮಾಯ! ಆಮೇಲೆ ಒಂದು ಡಿಟಿಪಿ ಅಂಗಡಿಗೆ ಕೊಟ್ಟೆ. ಅಲ್ಲಿದ್ದ ಹುಡುಗ ಒಳ್ಳೆಯ ಮನಸ್ಸಿನಿಂದಲೇ, ‘ಮಧ್ಯೆ ಮಧ್ಯೆ ಪ್ರಶ್ನೆ ಬಿದ್ದಿತ್ತು ಸಾರ್, ತೆಗೆದು ನೀಟ್ ಮಾಡಿದೀನಿ’ ಎಂದ. ಅಂದಿನಿಂದ ಬಣ್ಣ ಬಿಟ್ಟೆ, ಗೆರೆ ಬಿಟ್ಟೆ. ಗುರುತನ್ನು ಅಕ್ಷರದಲ್ಲೇ ಬರೆಯುತ್ತೇನೆ. ಮೊದಲ ಪುಟದ ತಲೆಯ ಮೇಲೆ ‘ಕಂಸ ಮತ್ತು ಪ್ರಶ್ನೆಯ ಗುರುತುಗಳನ್ನು ತೆಗೆಯಬಾರದು’ ಎಂದೂ ಬರೆಯುತ್ತೇನೆ.

ಹೊಸ ಪ್ರತಿ ಹಿಡಿದು ಮತ್ತೆ ಪಾಲಾರಿಗೆ ಹೋದೆ. ನನ್ನ ಕೈಯಿಂದಾದ ತಪ್ಪನ್ನು ಮೊದಲು ಹೇಳಿದೆ. ಈ ಸಲ ಓದುವ ಕೆಲಸ ಮೊಮ್ಮಗಳಿಗೆ ಕೊಟ್ಟೆ. ಹನ್ನೊಂದನೆಯ ಸಾಲಿಗೆ ಬಂದಾಗ ಅವಳು ನಿಂತಳು. ‘ತಾತ, ಕಂಸವನ್ನ ಹೇಗೆ ಓದೋದು?’ ಎಂದಳು. ನಾನು ಯೋಚಿಸಿಯೇ ಇರಲಿಲ್ಲ. ಕಣ್ಣಿಗೆ ಕಾಣುವ ಗುರುತು ಕಿವಿಗೆ ಕೇಳಿಸುವುದಿಲ್ಲವಲ್ಲ! ಮನೆಯ ಹಿರಿಯರು ಕಾಗದವನ್ನು ಕೇಳುವವರೇ ಹೊರತು ಓದುವವರಲ್ಲ. ಬಾಯಲ್ಲಿ ಹೇಳುವ ಮಾತಿನಲ್ಲೇ ಅನುಮಾನ ಇರಬೇಕು ಎಂದು ಇಬ್ಬರೂ ಸೇರಿ ಗೊತ್ತು ಮಾಡಿದೆವು. ಅವಳು ಹೀಗೆ ಓದಿದಳು: ‘ನಿನ್ನ ತಮ್ಮ... ಇಲ್ಲೊಂದು ಮಾತು ಹರಿದು ಹೋಗಿದೆ... ತುಂಬಾ ಕೇಳಿದ, ಇಲ್ಲವೇ ಕೆಟ್ಟುಹೋದ, ಯಾವುದು ಅಂತ ಗೊತ್ತಾಗೋದಿಲ್ಲ. ನಾನು ಏನೂ ಹೇಳಲಿಲ್ಲ.’

ಅಕ್ಕ ತುಂಬ ಹೊತ್ತು ಸುಮ್ಮನಿದ್ದರು. ಎಲೆ ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡು, ಸುಣ್ಣ ಹಚ್ಚದೆ ಎಲೆಯನ್ನು ಹಾಗೇ ಹಿಡಿದುಕೊಂಡಿದ್ದರು.

‘ಅಂಗಾರೆ ನಮ್ ಮಾವ ಕೇಳಿದ್ರೂ ಕೇಳಿರ್ಬೋದು’ ಎಂದರು.

‘ಕೇಳಿರಬಹುದು ಅಕ್ಕ. ನಿಮ್ಮ ತಾಯಿಯನ್ನು ಕೇಳಿರಬಹುದು, ದುಡ್ಡನ್ನೂ ಕೇಳಿರಬಹುದು. ಕಾಗದ ಅಷ್ಟೇ ಹೇಳುತ್ತದೆ’ ಎಂದೆ.

‘ನಮ್ಮವ್ವ ಇದಕ್ಕೆ ಉತ್ರ ಬರ್ಸಿರ್ತಳೆ ಕನ ಸಾ. ಆ ಕಾಗ್ದ ಅವ್ರ ಮನೇಲಿ ಇದ್ದದು.’

ಅದು ನನಗೆ ಹೊಳೆದಿರಲಿಲ್ಲ. ಇವರ ಪೆಟ್ಟಿಗೆಯಲ್ಲಿರುವುದು ಆ ಕಡೆಯಿಂದ ಬಂದ ಕಾಗದಗಳು. ಈ ಕಡೆಯಿಂದ ಹೋದವು ಆ ಮಾವನ ಮಕ್ಕಳ ಮನೆಯಲ್ಲಿ ಇರಬಹುದು. ಉತ್ತರದಲ್ಲಿ ಒಂದು ಮಾತು ಸಿಕ್ಕರೆ ಸಸ್ಪೆನ್ಸ್ ಖಾತೆಯಿಂದ ನಮ್ಮ ಹನ್ನೊಂದನೆಯ ಸಾಲನ್ನು ಬಿಡಿಸಬಹುದು. ಸಿಗದೆಯೂ ಹೋಗಬಹುದು.

ಮುಂದಿನ ಭಾನುವಾರ ಅಕ್ಕ, ಅವರ ಮಗ, ಮೊಮ್ಮಗಳು ಮೂವರೂ ಸೇತುವೆ ದಾಟಿ ಆ ಮನೆಗೆ ಹೋಗುವುದು ಎಂದಾಗಿದೆ. ಐವತ್ತು ವರ್ಷದ ಮೇಲೆ ಹೋಗುತ್ತಿರುವುದು, ಬರಿಗೈಯಲ್ಲಿ ಹೋಗಬಾರದು ಎಂದು ಬೆಲ್ಲ, ಬಾಳೆಹಣ್ಣು ತೆಗೆದಿಟ್ಟಿದ್ದಾರೆ. ಕಾಗದ ಸಿಕ್ಕರೆ ಓದಲು ಮೇಷ್ಟರೂ ಬರುತ್ತಾರೆ. ನಾನು ನಂಬರು ಹಾಕಿದ ಬಿಳಿ ಹಾಳೆ ತೆಗೆದುಕೊಂಡು ಹೋಗುತ್ತಿದ್ದೇನೆ. ಕೆಂಪು ಪೆನ್ನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.